ಎರಡು ರೈಸ್ ಮಿಲ್‌ಗಳಲ್ಲಿ ಅಗ್ಗ ಯಾವುದು? ಪಿಇ ಬಿಟ್ಟು ಇವಿ ಲೆಕ್ಕ ಹಾಕುವ ಕ್ರಮ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದಲ್ಲಿ ಒಂದು ರೈಸ್ ಮಿಲ್ ಮಾರಾಟಕ್ಕಿದೆ ಎಂದು ಗೊತ್ತಾದರೆ ಕೊಳ್ಳುವವರು ಮೊದಲು ಕೇಳುವುದು ಎರಡೇ ಮಾತು: ವರ್ಷಕ್ಕೆ ಲಾಭ ಎಷ್ಟು, ಬೆಲೆ ಎಷ್ಟು ಹೇಳುತ್ತಿದ್ದಾರೆ? ಬೆಲೆಯನ್ನು ನಿವ್ವಳ ಲಾಭದಿಂದ ಭಾಗಿಸಿದರೆ ಬರುವುದೇ ಪಿಇ ಅನುಪಾತ. ಷೇರುಪೇಟೆಯಲ್ಲಿ ಇದನ್ನು ಒಂದು ಷೇರಿನ ಲೆಕ್ಕದಲ್ಲಿ ಹೇಳುತ್ತಾರೆ, ಮಿಲ್ ಕೊಳ್ಳುವಾಗ ಇಡೀ ಕಂಪನಿಯ ಲೆಕ್ಕದಲ್ಲಿ. ಭತ್ತದ ವ್ಯಾಪಾರದಂತೆ ಸಾಲದ ಮೇಲೆಯೇ ನಡೆಯುವ ಉದ್ಯಮದಲ್ಲಿ ಈ ಒಂದು ಅನುಪಾತವನ್ನು ನಂಬಿ ಬೆಲೆ ಒಪ್ಪಿಕೊಳ್ಳುವುದು ಅಪಾಯ ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆಂದು ಒಂದು ಉದಾಹರಣೆಯನ್ನು ಕೊನೆಯವರೆಗೆ ಬಿಡಿಸಿ ತೋರಿಸುತ್ತೇನೆ.

ಎರಡು ಮಿಲ್‌ಗಳಿವೆ ಎಂದುಕೊಳ್ಳಿ. ಎರಡೂ ಪ್ರೈವೇಟ್ ಲಿಮಿಟೆಡ್ ಕಂಪನಿಗಳು, ಎರಡೂ ತುಂಗಭದ್ರಾ ಎಡದಂಡೆ ನಾಲೆಯ ಅಚ್ಚುಕಟ್ಟಿನಲ್ಲಿವೆ, ಎರಡೂ ಸೋನಾ ಮಸೂರಿ ಅಕ್ಕಿ ಮಾಡುತ್ತವೆ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನೇ ಇಟ್ಟುಕೊಂಡವು. ತೆರಿಗೆಯನ್ನು ಶೇ 25 ಎಂದು ಹಿಡಿದಿದ್ದೇನೆ.

| ಲಕ್ಷ ರೂಪಾಯಿಗಳಲ್ಲಿ | ಮೊದಲ ಮಿಲ್ | ಎರಡನೇ ಮಿಲ್ |
|---|---|---|
| ಎಬಿಟ್ಡಾ | 600 | 600 |
| ಸವಕಳಿ | 150 | 150 |
| ಬಡ್ಡಿ | 0 | 200 |
| ತೆರಿಗೆಗೆ ಮುಂಚಿನ ಲಾಭ | 450 | 250 |
| ತೆರಿಗೆ | 112.5 | 62.5 |
| ನಿವ್ವಳ ಲಾಭ | 337.5 | 187.5 |
| ಎಲ್ಲ ಷೇರುಗಳಿಗೆ ಕೇಳುತ್ತಿರುವ ಬೆಲೆ | 2,700 | 1,125 |
| ಪಿಇ | 8 | 6 |

ಎಬಿಟ್ಡಾ ಎಂದರೆ ಬಡ್ಡಿ, ತೆರಿಗೆ, ಸವಕಳಿ ಇವನ್ನು ಕಳೆಯುವ ಮುಂಚಿನ ಗಳಿಕೆ. ಅಕ್ಕಿ, ತೌಡು, ನುಚ್ಚು, ಹೊಟ್ಟು ಮಾರಿ ಬಂದ ಹಣದಲ್ಲಿ ಭತ್ತದ ಬೆಲೆ, ಹಮಾಲಿ, ಕರೆಂಟು, ಸಂಬಳ, ಸಾಗಣೆ ಇತ್ಯಾದಿ ಖರ್ಚು ತೆಗೆದರೆ ಉಳಿಯುವುದು ಇದು. ಎರಡೂ ಮಿಲ್‌ಗಳು ಈ ಮಟ್ಟದಲ್ಲಿ ಸರಿಸಮ. ಪಿಇ ಮಾತ್ರ ಎರಡನೆಯದು ಅಗ್ಗ ಎನ್ನುತ್ತದೆ.

ಪಿಇ ಎಲ್ಲಿ ದಾರಿ ತಪ್ಪಿಸುತ್ತದೆ

ಮೊದಲ ಮಿಲ್‌ನ ಮಾಲೀಕರು ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಶೇ 10ರ ಬಡ್ಡಿಯಲ್ಲಿ 20 ಕೋಟಿ ಸಾಲ ತಂದು, ಆ ಹಣವನ್ನು ತಾವೇ ತೆಗೆದುಕೊಂಡು ಹೋದರು ಎಂದುಕೊಳ್ಳಿ. ಮಿಲ್‌ನಲ್ಲಿ ಏನೂ ಬದಲಾಗಿಲ್ಲ, ಒಂದು ಚೀಲ ಭತ್ತವೂ ಹೆಚ್ಚು ಅರೆದಿಲ್ಲ. ಈಗ ಷೇರುಗಳ ಬೆಲೆ 27 ಕೋಟಿಯಿಂದ 7 ಕೋಟಿಗೆ ಇಳಿಯಬೇಕು, ಏಕೆಂದರೆ 20 ಕೋಟಿಯ ಹೊರೆ ಕಂಪನಿಯ ಮೇಲೆ ಬಿದ್ದಿದೆ. ವರ್ಷಕ್ಕೆ 2 ಕೋಟಿ ಬಡ್ಡಿ ಹೋಗುತ್ತದೆ. ಅದರಿಂದ ತೆರಿಗೆಯಲ್ಲಿ 50 ಲಕ್ಷ ಉಳಿಯುವುದರಿಂದ ನಿವ್ವಳ ಲಾಭ ಒಂದೂವರೆ ಕೋಟಿ ಇಳಿದು 1.875 ಕೋಟಿ ಆಗುತ್ತದೆ. 7 ಕೋಟಿಯನ್ನು 1.875 ಕೋಟಿಯಿಂದ ಭಾಗಿಸಿದರೆ ಪಿಇ 3.7. ಎಂಟು ಇದ್ದದ್ದು ಮೂರೂಮುಕ್ಕಾಲಿನ ಆಸುಪಾಸಿಗೆ ಬಂತು. ಕೊಳ್ಳುವವನಿಗೆ ಇದರಿಂದ ಒಂದು ಪೈಸೆಯ ಅಗ್ಗವೂ ಸಿಕ್ಕಿಲ್ಲ.

ಸಾಲ ಬಂದರೆ ಪಿಇ ಯಾವಾಗಲೂ ಇಳಿಯುತ್ತದೆ ಎಂದೂ ತಿಳಿಯಬಾರದು. ಶೇ 10ರ ಬಡ್ಡಿ ತೆರಿಗೆ ಉಳಿತಾಯ ಕಳೆದು ಶೇ 7.5 ಬೀಳುತ್ತದೆ. 100ನ್ನು 7.5ರಿಂದ ಭಾಗಿಸಿದರೆ 13.3. ಸಾಲವಿಲ್ಲದೆ ಇದಕ್ಕಿಂತ ಹೆಚ್ಚಿನ ಪಿಇಯಲ್ಲಿ ಮಾರಾಟವಾಗುವ ಕಂಪನಿ ಸಾಲ ತಂದರೆ ಅದರ ಪಿಇ ಏರುತ್ತದೆ. ಅಂದರೆ ಸಾಲದ ಪ್ರಮಾಣ ಬೇರೆ ಬೇರೆ ಇರುವ ಎರಡು ಕಂಪನಿಗಳ ಪಿಇಯನ್ನು ಪಕ್ಕಪಕ್ಕ ಇಟ್ಟಾಗ, ನಾವು ಹೋಲಿಸುತ್ತಿರುವುದು ಉದ್ಯಮವನ್ನೋ ಅದರ ಸಾಲವನ್ನೋ ಎಂದು ಬಿಡಿಸಿ ಹೇಳಲು ಆಗುವುದಿಲ್ಲ.

ಮೊದಲ ಹೆಜ್ಜೆ: ಇವಿ ಕಟ್ಟುವುದು

ಇವಿ ಎಂದರೆ ಉದ್ಯಮ ಮೌಲ್ಯ. ಷೇರುದಾರರಿಗೆ ಕೊಡುವ ಬೆಲೆಯ ಜೊತೆಗೆ ಕೊಳ್ಳುವವನು ಹೊರಬೇಕಾದ ಸಾಲವನ್ನು ಸೇರಿಸಿ, ಅವನ ಕೈಗೆ ಸಿಗುವ ನಗದನ್ನು ಕಳೆಯುವುದು.

```
ಇವಿ = ಷೇರುಗಳ ಒಟ್ಟು ಬೆಲೆ + ಸಾಲ − ನಗದು
ಇವಿ ಗುಣಕ = ಇವಿ ÷ ಎಬಿಟ್ಡಾ
```

ಎಬಿಟ್ಡಾ ಬಡ್ಡಿ ಕಳೆಯುವ ಮುಂಚಿನದು. ಅದು ಮಾಲೀಕರಿಗೂ ಸಾಲ ಕೊಟ್ಟವರಿಗೂ ಸೇರಿದ ಗಳಿಕೆ. ಆದ್ದರಿಂದ ಅದರ ಮೇಲೆ ಇಡುವ ಬೆಲೆಯಲ್ಲೂ ಇಬ್ಬರ ಪಾಲು ಇರಬೇಕು. ಮೇಲೆ ಹೇಳಿದ 20 ಕೋಟಿ ಸಾಲದ ಲೆಕ್ಕವನ್ನು ಇಲ್ಲಿ ಹಾಕಿ ನೋಡಿ: ಷೇರು ಬೆಲೆ 20 ಕೋಟಿ ಇಳಿಯಿತು, ಸಾಲ 20 ಕೋಟಿ ಏರಿತು, ಇವಿ ಇದ್ದಲ್ಲೇ ಇದೆ.

ಸೂತ್ರ ಸುಲಭ. ಅದರಲ್ಲಿನ ‘ಸಾಲ’ ಎಂಬ ಪದದ ಎದುರು ಯಾವ ಅಂಕಿ ಬರೆಯಬೇಕು ಎಂಬುದರಲ್ಲಿ ನಿಜವಾದ ಕೆಲಸವಿದೆ. ಮಾರ್ಚ್ 31ರ ಆಸ್ತಿ-ಹೊಣೆ ಪಟ್ಟಿ ತೆಗೆದರೆ ಎರಡನೇ ಮಿಲ್‌ನಲ್ಲಿ 8 ಕೋಟಿ ಅವಧಿ ಸಾಲ, ದಾಸ್ತಾನಿನ ಆಧಾರದ ಮೇಲೆ ಬ್ಯಾಂಕ್ ಒಂದು ಮಿತಿಯವರೆಗೆ ಕೊಡುವ ಕ್ಯಾಶ್ ಕ್ರೆಡಿಟ್ ಅಂದರೆ ಸಿಸಿ ಖಾತೆಯಲ್ಲಿ 6 ಕೋಟಿ ಬಾಕಿ, ಕೈಯಲ್ಲಿ 25 ಲಕ್ಷ ನಗದು ಕಾಣುತ್ತದೆ. ಹಾಗೆಯೇ ಕೂಡಿಸಿದರೆ ಇವಿ 11.25 + 14 − 0.25 = 25 ಕೋಟಿ, ಗುಣಕ 4.17. ಮೊದಲ ಮಿಲ್‌ನಲ್ಲಿ ಸಾಲವಿಲ್ಲ, ಅದೇ ದಿನ 3 ಕೋಟಿ ನಗದು ಇದೆ. ಅದರ ಇವಿ 24 ಕೋಟಿ, ಗುಣಕ 4. ಎರಡೂ ಹತ್ತಿರ ಹತ್ತಿರ ಇವೆ ಎನಿಸುತ್ತದೆ. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು.

ಆದರೆ ರೈಸ್ ಮಿಲ್‌ನ ಸಾಲ ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮುಂಗಾರು ಭತ್ತ ನವೆಂಬರ್, ಡಿಸೆಂಬರ್ ಹೊತ್ತಿಗೆ ಬರುತ್ತದೆ. ಆಗ ಗೋದಾಮು ತುಂಬುತ್ತದೆ, ಸಿಸಿ ಖಾತೆ ಮಿತಿಯ ಅಂಚಿಗೆ ಹೋಗುತ್ತದೆ. ನಾಲೆಗೆ ಎರಡನೇ ಬೆಳೆಯ ನೀರು ಬಿಟ್ಟಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಮತ್ತೆ ಭತ್ತ ಬರುತ್ತದೆ. ಈ ಎರಡು ಸುಗ್ಗಿಗಳ ನಡುವೆ, ಹಳೆಯ ದಾಸ್ತಾನು ಕರಗಿ ಹೊಸದು ಇನ್ನೂ ಬಾರದ ಸಂದಿಯಲ್ಲಿ ಮಾರ್ಚ್ 31 ಬೀಳುತ್ತದೆ. ಲೆಕ್ಕಪತ್ರದಲ್ಲಿ ಅಚ್ಚಾಗುವುದು ಆ ಒಂದು ದಿನದ ಬಾಕಿ.

ಇದನ್ನು ಹಿಡಿಯಲು ಸರಳ ಪರೀಕ್ಷೆಯೊಂದಿದೆ. ಲಾಭ-ನಷ್ಟ ಪಟ್ಟಿಯ ‘ಹಣಕಾಸು ವೆಚ್ಚ’ದಿಂದ ಪ್ರೊಸೆಸಿಂಗ್ ಶುಲ್ಕ, ಬ್ಯಾಂಕ್ ಗ್ಯಾರಂಟಿ ಕಮಿಷನ್ ಮೊದಲಾದವನ್ನು ತೆಗೆದು ಶುದ್ಧ ಬಡ್ಡಿಯನ್ನು ಬೇರೆ ಮಾಡಿ. ಅದನ್ನು ಬಡ್ಡಿದರದಿಂದ ಭಾಗಿಸಿ. ಬ್ಯಾಂಕ್ ಸಿಸಿ ಖಾತೆಗೆ ದಿನದಿನದ ಬಾಕಿಯ ಮೇಲೆ ಬಡ್ಡಿ ಹಾಕುವುದರಿಂದ, ಸಿಗುವ ಉತ್ತರ ವರ್ಷದ ಸರಾಸರಿ ಸಾಲಕ್ಕೆ ಬಹಳ ಹತ್ತಿರ ಇರುತ್ತದೆ. ಎರಡನೇ ಮಿಲ್‌ನಲ್ಲಿ 2 ಕೋಟಿ ಬಡ್ಡಿ, ದರ ಶೇ 10. ಸರಾಸರಿ ಸಾಲ 20 ಕೋಟಿ. ಆಸ್ತಿ-ಹೊಣೆ ಪಟ್ಟಿಯಲ್ಲಿ ಕಂಡದ್ದು 14 ಕೋಟಿ. ಮಧ್ಯದ 6 ಕೋಟಿ ಎಲ್ಲಿ ಹೋಯಿತು?

ಉತ್ತರ ಸಿಸಿ ಖಾತೆಯ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿರುತ್ತದೆ. ಅದನ್ನು ಕೇಳಿ ಪಡೆಯಿರಿ, ಕೊಡಲು ಹಿಂಜರಿದರೆ ಮಾತುಕತೆಯನ್ನು ಅಲ್ಲಿಗೇ ತಡೆಯಿರಿ. ಮಾರ್ಚ್ ಕೊನೆಯ ವಾರದಲ್ಲಿ ದೊಡ್ಡ ಜಮೆ ಬಂದು, ಏಪ್ರಿಲ್ ಮೊದಲ ವಾರದಲ್ಲಿ ಅಷ್ಟೇ ಮೊತ್ತ ಹೊರಗೆ ಹೋಗಿದ್ದರೆ ಅದು ವ್ಯಾಪಾರದ ಜಮೆಯಲ್ಲ, ಪಟ್ಟಿಯನ್ನು ಚೆಂದ ಕಾಣಿಸಲು ತಂದ ಕೈಸಾಲ. ಇನ್ನೊಂದು ರೀತಿಯೂ ಇದೆ. ಎಪಿಎಂಸಿ ದಲಾಲರಿಗೆ, ಭತ್ತ ಕೊಟ್ಟ ರೈತರಿಗೆ ಕೊಡಬೇಕಾದ ಹಣವನ್ನು ಮಾರ್ಚ್ ದಾಟುವವರೆಗೆ ತಡೆಹಿಡಿದರೂ ಬ್ಯಾಂಕ್ ಸಾಲ ಕಡಿಮೆ ಕಾಣುತ್ತದೆ. ವ್ಯಾಪಾರದ ಬಾಕಿಯನ್ನು ಹಿಂದಿನ ಎರಡು ವರ್ಷಗಳ ಮಾರ್ಚ್ ಜೊತೆ ಹೋಲಿಸಿ. ಖರೀದಿ ಹೆಚ್ಚದೆ ಬಾಕಿ ಮಾತ್ರ ಉಬ್ಬಿದ್ದರೆ, ಉಬ್ಬಿದ ಭಾಗವನ್ನು ಸಾಲವೆಂದೇ ಎಣಿಸಬೇಕು.

ಬಡ್ಡಿಯ ಪರೀಕ್ಷೆಗೆ ಒಂದು ಮಿತಿಯಿದೆ. ನೆಂಟರಿಷ್ಟರಿಂದ, ನಿರ್ದೇಶಕರಿಂದ ಬಡ್ಡಿಯಿಲ್ಲದೆ ತಂದ ಹಣ ಅದರಲ್ಲಿ ಸಿಕ್ಕುವುದಿಲ್ಲ. ಪಟ್ಟಿಯಲ್ಲಿ ‘ಭದ್ರತೆಯಿಲ್ಲದ ಸಾಲ’ ಎಂಬ ತಲೆಬರಹದಡಿ ಅದನ್ನು ಪ್ರತ್ಯೇಕವಾಗಿ ಹುಡುಕಬೇಕು. ಮಾರಿದ ಮೇಲೆ ಆ ಹಣವನ್ನು ಅವರು ವಾಪಸ್ ಕೇಳುತ್ತಾರೆ, ಹಾಗಾಗಿ ಅದು ಸಾಲವೇ. ನಮ್ಮ ಉದಾಹರಣೆಯಲ್ಲಿ ಅಂಥದ್ದು ಇಲ್ಲ ಎಂದು ಇಟ್ಟುಕೊಂಡಿದ್ದೇನೆ.

ಸರಾಸರಿ ಸಾಲ ಹಿಡಿದರೆ ಎರಡನೇ ಮಿಲ್‌ನ ಇವಿ 11.25 + 20 − 0.25 = 31 ಕೋಟಿ. ಗುಣಕ 5.17.

‘ಸಿಸಿ ಸಾಲದ ಎದುರು ಭತ್ತದ ದಾಸ್ತಾನು ಇದೆಯಲ್ಲ, ಅದನ್ನೇಕೆ ಸಾಲವೆಂದು ಹಿಡಿಯುತ್ತೀರಿ’ ಎಂದು ಮಾರುವವರು ವಾದಿಸುವುದುಂಟು. ವಾದದಲ್ಲಿ ಹುರುಳಿದೆ. ಆದರೆ ಹಾಗೆ ಬಿಡುವುದಾದರೆ ಸಿಸಿ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ಎಬಿಟ್ಡಾದಿಂದಲೂ ಕಳೆಯಬೇಕು, ಮತ್ತು ಸ್ವಂತ ಹಣದಿಂದ ಭತ್ತ ಕೊಳ್ಳುವ ಮೊದಲ ಮಿಲ್‌ಗೂ ಸಮನಾದ ನ್ಯಾಯ ಒದಗಿಸಬೇಕು. ಸಾಲವನ್ನು ಬಿಟ್ಟು ಬಡ್ಡಿಯನ್ನೂ ಬಿಡುವ ಲೆಕ್ಕವನ್ನು ಒಪ್ಪಬೇಡಿ.

ನಗದಿಗೂ ಇದೇ ಕಣ್ಣು ಬೇಕು. ಮೊದಲ ಮಿಲ್‌ನ 3 ಕೋಟಿ ನಗದು ಏಪ್ರಿಲ್‌ನಲ್ಲಿ ಎರಡನೇ ಬೆಳೆಯ ಭತ್ತ ಬಂದ ಕೂಡಲೇ ಖರೀದಿಗೆ ಹೋಗುತ್ತದೆ. ವರ್ಷವಿಡೀ ಮುಟ್ಟದೆ ಉಳಿಯುವುದು 50 ಲಕ್ಷ ಮಾತ್ರ ಎಂದು ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿದರೆ, ಕಳೆಯಬೇಕಾದದ್ದು ಆ 50 ಲಕ್ಷವನ್ನಷ್ಟೇ. ಆಗ ಅದರ ಇವಿ 26.5 ಕೋಟಿ, ಗುಣಕ 4.42.

ಪಿಇ ಪ್ರಕಾರ ಅಗ್ಗವಾಗಿದ್ದ ಮಿಲ್ ಈಗ ದುಬಾರಿಯಾಗಿದೆ.

ಎರಡನೇ ಹೆಜ್ಜೆ: ಎಬಿಟ್ಡಾವನ್ನು ತೂರಿ ನೋಡುವುದು

ಕುಟುಂಬದ ಮಿಲ್‌ಗಳಲ್ಲಿ ಲಾಭದ ಅಂಕಿ ಹೆಚ್ಚಾಗಿ ಕಾಣಲು ಒಂದು ಪ್ರಾಮಾಣಿಕ ಕಾರಣವೇ ಇರುತ್ತದೆ. ಮೊದಲ ಮಿಲ್ ಅನ್ನು ಅಣ್ಣತಮ್ಮಂದಿರು ನಡೆಸುತ್ತಾರೆ. ಒಬ್ಬರು ಖರೀದಿಯಲ್ಲಿ ನಿಲ್ಲುತ್ತಾರೆ, ಇನ್ನೊಬ್ಬರು ಬೆಂಗಳೂರು, ಚೆನ್ನೈ ಕಡೆಯ ವ್ಯಾಪಾರಿಗಳನ್ನು ನೋಡಿಕೊಳ್ಳುತ್ತಾರೆ. ಯಾರೂ ಸಂಬಳ ಬರೆದುಕೊಳ್ಳುವುದಿಲ್ಲ. ಪಕ್ಕದ ಗೋದಾಮು ತಾಯಿಯ ಹೆಸರಿನಲ್ಲಿದೆ, ಅದಕ್ಕೆ ಬಾಡಿಗೆಯಿಲ್ಲ. ಮಿಲ್ ಕೈ ಬದಲಾದ ಮೇಲೆ ಈ ಎರಡೂ ಪುಕ್ಕಟೆ ಸಿಗುವುದಿಲ್ಲ. ಆ ಕೆಲಸಕ್ಕೆ ನಂಬಿಕಸ್ತ ಮ್ಯಾನೇಜರ್ ಮತ್ತು ಖರೀದಿದಾರರನ್ನು ಇಡಲು 40 ಲಕ್ಷ, ಗೋದಾಮಿನ ಬಾಡಿಗೆ 20 ಲಕ್ಷ ಎಂದು ಹಿಡಿಯಿರಿ. ಎಬಿಟ್ಡಾ 6 ಕೋಟಿಯಿಂದ 5.4 ಕೋಟಿಗೆ ಇಳಿಯಿತು. ಗುಣಕ 26.5 ÷ 5.4 = 4.91.

ಪಾಲುದಾರಿಕೆ ಸಂಸ್ಥೆಯಾಗಿದ್ದರೆ ಇದರ ಉಲ್ಟಾ ಕೂಡ ನಡೆಯುತ್ತದೆ. ಪಾಲುದಾರರ ಬಂಡವಾಳಕ್ಕೆ ಕೊಟ್ಟ ಬಡ್ಡಿಯನ್ನು ಖರ್ಚಿಗೆ ಹಾಕಿರುತ್ತಾರೆ. ಅದು ಮಾಲೀಕರ ಗಳಿಕೆಯೇ ಆದ್ದರಿಂದ ಮತ್ತೆ ಕೂಡಿಸಿಕೊಳ್ಳಬೇಕು. ಹಳೆಯ ಲಾರಿ ಮಾರಿದ ಲಾಭ, ಠೇವಣಿಯ ಬಡ್ಡಿ ಇವು ‘ಇತರ ಆದಾಯ’ದಲ್ಲಿ ಸೇರಿಕೊಂಡಿದ್ದರೆ ತೆಗೆಯಬೇಕು. ಇವಿಯಲ್ಲಿ ಠೇವಣಿಯನ್ನು ನಗದೆಂದು ಕಳೆದು, ಅದೇ ಠೇವಣಿಯ ಬಡ್ಡಿಯನ್ನು ಎಬಿಟ್ಡಾದಲ್ಲಿ ಉಳಿಸಿಕೊಂಡರೆ ಒಂದೇ ಹಣವನ್ನು ಎರಡು ಸಲ ಎಣಿಸಿದಂತೆ.

ಯಾವ ವರ್ಷದ ಎಬಿಟ್ಡಾ ಎಂಬುದೂ ಮುಖ್ಯ. ಜಲಾಶಯದಲ್ಲಿ ನೀರು ಸಾಲದ ವರ್ಷ ಎರಡನೇ ಬೆಳೆ ಇಲ್ಲ, ಅರೆಯಲು ಸ್ಥಳೀಯ ಭತ್ತವೂ ಇಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಈ ಭಾಗದ ಪ್ರತಿಯೊಂದು ಮಿಲ್‌ನ ಮುಂದಿನ ವರ್ಷದ ಲೆಕ್ಕ ಒಂದು ಗೇಟಿನ ಮೇಲೆ ನಿಂತಿತ್ತು. ಆದ್ದರಿಂದ ಒಳ್ಳೆಯ ವರ್ಷ, ಒಂದೇ ಬೆಳೆಯ ವರ್ಷ ಎರಡೂ ಬರುವಂತೆ ಕನಿಷ್ಠ ಐದು ವರ್ಷಗಳ ಸರಾಸರಿ ತೆಗೆದುಕೊಳ್ಳಿ. ನಮ್ಮ 6 ಕೋಟಿಯನ್ನು ಅಂಥ ಸರಾಸರಿ ಎಂದೇ ಭಾವಿಸಿಕೊಳ್ಳೋಣ.

ಮೂರನೇ ಹೆಜ್ಜೆ: ಗುಣಕದಿಂದ ಷೇರು ಬೆಲೆಗೆ ಮರಳುವುದು

ಈಗ 4.91 ಮತ್ತು 5.17. ಅಂತರ ಅಷ್ಟೇನೂ ದೊಡ್ಡದಲ್ಲ ಎನಿಸಬಹುದು. ಆದರೆ ನಾವು ಚೆಕ್ ಬರೆಯುವುದು ಷೇರುಗಳಿಗೆ, ಇವಿಗಲ್ಲ. ಸುತ್ತಮುತ್ತ ಇತ್ತೀಚೆಗೆ ಕೈ ಬದಲಾದ ಮಿಲ್‌ಗಳನ್ನು ವಿಚಾರಿಸಿದಾಗ 4.5 ಪಟ್ಟು ನ್ಯಾಯವಾದ ಬೆಲೆ ಎಂದು ನಿಮಗೆ ಮನವರಿಕೆಯಾಯಿತು ಎಂದುಕೊಳ್ಳಿ. ಕೆಆರ್‌ಬಿಎಲ್, ಎಲ್‌ಟಿ ಫುಡ್ಸ್‌ನಂಥ ಪಟ್ಟಿಯಾದ ಕಂಪನಿಗಳ ಗುಣಕವನ್ನು ಇಲ್ಲಿಗೆ ತರಬೇಡಿ. ಅವುಗಳದು ಬಾಸ್ಮತಿ ಬ್ರಾಂಡು, ರಫ್ತಿನ ವ್ಯವಹಾರ. ಚೀಲದ ಮೇಲೆ ಇನ್ನೊಬ್ಬರ ಹೆಸರು ಅಚ್ಚಾಗಿ ಹೋಗುವ ಮಿಲ್‌ಗೆ ಆ ಬೆಲೆ ಹೊಂದುವುದಿಲ್ಲ.

ಮೊದಲ ಮಿಲ್: 5.4ರ ನಾಲ್ಕೂವರೆ ಪಟ್ಟು 24.3 ಕೋಟಿ, ನಗದು 50 ಲಕ್ಷ ಕೂಡಿಸಿದರೆ ಷೇರುಗಳ ಬೆಲೆ 24.8 ಕೋಟಿ. ಕೇಳುತ್ತಿರುವುದು 27. ಶೇ 8ರಷ್ಟು ಚೌಕಾಸಿ ಮಾಡಿದರೆ ವ್ಯಾಪಾರ ಕುದುರುತ್ತದೆ.

ಎರಡನೇ ಮಿಲ್: 6ರ ನಾಲ್ಕೂವರೆ ಪಟ್ಟು 27 ಕೋಟಿ. ಅದರಲ್ಲಿ 20 ಕೋಟಿ ಸಾಲ ಕಳೆದು 25 ಲಕ್ಷ ಕೂಡಿಸಿದರೆ 7.25 ಕೋಟಿ. ಕೇಳುತ್ತಿರುವುದು 11.25. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಬೇಕು.

ಗುಣಕದಲ್ಲಿ ಸಣ್ಣದಾಗಿ ಕಂಡ ವ್ಯತ್ಯಾಸ ಷೇರು ಬೆಲೆಯಲ್ಲಿ ಇಷ್ಟು ದೊಡ್ಡದಾಗಲು ಕಾರಣ ಸಾಲ. ಸಾಲ ಕೊಟ್ಟವರ ಪಾಲು ಜಗ್ಗುವುದಿಲ್ಲ, ಏರಿಳಿತವೆಲ್ಲ ಮಾಲೀಕರ ಪಾಲಿನ ಮೇಲೆಯೇ ಬೀಳುತ್ತದೆ. ಎಬಿಟ್ಡಾ ನಾಲ್ಕರಲ್ಲಿ ಒಂದು ಭಾಗ ಇಳಿದರೆ ಏನಾಗುತ್ತದೆ ಎಂದು ನೋಡಿ. ಸಾಲ, ಗುಣಕ ಎರಡೂ ಹಾಗೆಯೇ ಇರಲಿ. ಮೊದಲ ಮಿಲ್‌ನ ಷೇರುಗಳು 24.8ರಿಂದ ಸುಮಾರು 18.7 ಕೋಟಿಗೆ ಇಳಿಯುತ್ತವೆ. ಎರಡನೆಯದರಲ್ಲಿ 4.5 ಕೋಟಿಯ ನಾಲ್ಕೂವರೆ ಪಟ್ಟು 20.25 ಕೋಟಿ, ಸಾಲ ತೀರಿಸಿ ನಗದು ಕೂಡಿಸಿದರೆ ಉಳಿಯುವುದು 50 ಲಕ್ಷ. ಅದೇ ವರ್ಷ ಅದರ ನಿವ್ವಳ ಲಾಭ 75 ಲಕ್ಷ ಇರುತ್ತದೆ, ಪಿಇ 6 ಎಂದು ಗುಣಿಸಿದವರಿಗೆ ಷೇರುಗಳು ಇನ್ನೂ 4.5 ಕೋಟಿ ಬಾಳುತ್ತವೆ ಎಂದು ಕಾಣುತ್ತದೆ. ಈ 4 ಕೋಟಿಯ ವ್ಯತ್ಯಾಸವೇ ಕುಟುಂಬಗಳನ್ನು ಮುಳುಗಿಸುವಂಥದ್ದು.

ಎಬಿಟ್ಡಾ ಮರೆಮಾಚುವುದು

ಇಷ್ಟಾದರೂ ಇವಿ ಗುಣಕವನ್ನು ಕಣ್ಣು ಮುಚ್ಚಿ ನಂಬಬಾರದು. ಅದು ಸವಕಳಿಯನ್ನು ಎಣಿಸುವುದೇ ಇಲ್ಲ. ಬಾಯ್ಲರ್, ಡ್ರೈಯರ್, ಬಣ್ಣ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ಎಲ್ಲವೂ ಸವೆಯುತ್ತವೆ. ಹೊಸ ಯಂತ್ರದ ಮಿಲ್‌ಗೂ ಹಳೆಯ ಯಂತ್ರದ ಮಿಲ್‌ಗೂ ಎಬಿಟ್ಡಾ ಒಂದೇ ಇರಬಹುದು.

ಸ್ಥಿರಾಸ್ತಿ ಪಟ್ಟಿಯಲ್ಲಿ ಯಂತ್ರಗಳ ಮೂಲ ಬೆಲೆಯ ಪಕ್ಕ ಈವರೆಗಿನ ಸವಕಳಿಯನ್ನು ಇಟ್ಟು ನೋಡಿ. ಬಹುಪಾಲು ಕರಗಿ ಹೋಗಿದ್ದರೆ ಯಂತ್ರ ಹಳೆಯದು. ಕಾಗದಕ್ಕಿಂತ ಗಟ್ಟಿ ಸಾಕ್ಷಿ ಮಿಲ್‌ನಲ್ಲೇ ಸಿಗುತ್ತದೆ: ಒಂದು ಕ್ವಿಂಟಲ್ ಭತ್ತಕ್ಕೆ ಎಷ್ಟು ಯೂನಿಟ್ ವಿದ್ಯುತ್ ಹೋಗಿದೆ, ನುಚ್ಚಿನ ಪಾಲು ಎಷ್ಟು ಎಂದು ಮೂರು ವರ್ಷಗಳ ಲೆಕ್ಕ ತೆಗೆಯಿರಿ. ಎರಡೂ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಯಂತ್ರ ಬದಲಿಸುವ ಕಾಲ ಬಂದಿದೆ. ಮೊದಲ ಮಿಲ್‌ನಲ್ಲಿ ಬಾಯ್ಲರ್ ಮತ್ತು ಸಾರ್ಟೆಕ್ಸ್ ಬದಲಿಸಲು 2 ಕೋಟಿ ಬೇಕೆಂದು ತಿಳಿದರೆ ಅದನ್ನೂ ಸಾಲದಂತೆಯೇ ಕಳೆಯಿರಿ. ಆಗ 24.8 ಕೋಟಿ 22.8 ಆಗುತ್ತದೆ, ಇವಿ ಗುಣಕ 28.5 ÷ 5.4, ಅಂದರೆ 5.28. ಕೇಳುತ್ತಿರುವ ಬೆಲೆಗೆ ಅದೂ ಅಗ್ಗವಲ್ಲ. ಆದರೆ ನ್ಯಾಯದ ಬೆಲೆಗೆ ಬರಲು ಅದು ಶೇ 16ರಷ್ಟು ಇಳಿದರೆ ಸಾಕು, ಎರಡನೆಯದು ಶೇ 36 ಇಳಿಯಬೇಕು.

ಪಿಇ ಸರಿಹೊಂದುವ ಜಾಗ

ಬ್ಯಾಂಕು, ಹಣಕಾಸು ಕಂಪನಿಗಳಿಗೆ ಇವಿ ಗುಣಕ ಹಾಕಲೇಬಾರದು. ಅವುಗಳಿಗೆ ಸಾಲವೇ ಕಚ್ಚಾ ಸರಕು, ಬಡ್ಡಿಯೇ ಖರ್ಚು. ಅಲ್ಲಿ ಪಿಇ ಅಥವಾ ಪುಸ್ತಕ ಮೌಲ್ಯದ ಲೆಕ್ಕವೇ ಸರಿ. ಸಾಲ ಇಲ್ಲದ, ಯಂತ್ರ ಕಡಿಮೆ ಇರುವ ಸಾಫ್ಟ್‌ವೇರ್‌ನಂಥ ಕಂಪನಿಗಳನ್ನು ಹೋಲಿಸುವಾಗಲೂ ಪಿಇ ಅಷ್ಟಾಗಿ ಮೋಸ ಮಾಡುವುದಿಲ್ಲ. ತೋರಣಗಲ್ಲಿನ ಸ್ಥಾವರದಂಥ ಉಕ್ಕಿನ ಉದ್ಯಮದ ಷೇರು ಕೊಳ್ಳುವವರಿಗೆ ಮಾತ್ರ ಮಿಲ್‌ನ ಪಾಠವೇ ಅನ್ವಯ: ಭಾರೀ ಸಾಲ, ಭಾರೀ ಯಂತ್ರ, ಬೆಲೆಯ ಏರಿಳಿತ. ಅಂಥ ಸಮೂಹದ ಒಟ್ಟಾರೆ ಲೆಕ್ಕದಲ್ಲಿ ಅಂಗಸಂಸ್ಥೆಗಳ ಪೂರ್ತಿ ಎಬಿಟ್ಡಾ ಸೇರಿರುವುದರಿಂದ, ಆ ಅಂಗಸಂಸ್ಥೆಗಳಲ್ಲಿ ಹೊರಗಿನವರಿಗಿರುವ ಪಾಲನ್ನೂ ಇವಿಗೆ ಕೂಡಿಸಬೇಕು.

ಕೊನೆಯ ಹೆಜ್ಜೆ: ಕರಾರಿನಲ್ಲಿ ಬರೆಯುವುದು

ಲೆಕ್ಕ ಎಷ್ಟು ಸರಿಯಿದ್ದರೂ ಕರಾರಿನಲ್ಲಿ ‘ಷೇರುಗಳಿಗೆ 7.25 ಕೋಟಿ’ ಎಂದು ನೇರವಾಗಿ ಬರೆದರೆ ಮಾಡಿದ ಕೆಲಸವೆಲ್ಲ ಸೋರಿಹೋಗುತ್ತದೆ. ಇವಿ 27 ಕೋಟಿ ಎಂದು ಬರೆಯಿರಿ, ಹಸ್ತಾಂತರದ ದಿನ ಇರುವ ಸಾಲವನ್ನು ಅದರಿಂದ ಕಳೆದು, ನಗದನ್ನು ಕೂಡಿಸಿ ಷೇರು ಬೆಲೆ ನಿಗದಿಯಾಗಲಿ. ಜೊತೆಗೆ ವರ್ಷದ ಸರಾಸರಿ ದುಡಿಯುವ ಬಂಡವಾಳ, ಅಂದರೆ ದಾಸ್ತಾನು ಮತ್ತು ಬರಬೇಕಾದ ಹಣದಿಂದ ಕೊಡಬೇಕಾದ ಬಾಕಿ ಕಳೆದ ಮೊತ್ತ ಎಷ್ಟೆಂದು ಕರಾರಿನಲ್ಲೇ ನಮೂದಿಸಿ. ಹಸ್ತಾಂತರದ ದಿನ ಅದಕ್ಕಿಂತ ಕಡಿಮೆ ಇದ್ದರೆ ಆ ಕೊರತೆಯನ್ನು ಬೆಲೆಯಲ್ಲಿ ಕಳೆಯಬೇಕು, ಹೆಚ್ಚಿದ್ದರೆ ಕೂಡಿಸಬೇಕು. ಈ ಷರತ್ತು ಇಲ್ಲದಿದ್ದರೆ ಮಾರುವವರು ಮಾರ್ಚ್ 31ನ್ನೇ ಹಸ್ತಾಂತರದ ದಿನವಾಗಿ ಆರಿಸಿಕೊಂಡು, ಭತ್ತವನ್ನೆಲ್ಲ ಮಾರಿ ಸಿಸಿ ಸಾಲ ತೀರಿಸಿ, ಖಾಲಿ ಗೋದಾಮನ್ನು ಕೈಗಿಡಬಹುದು. ಎರಡು ವಾರದಲ್ಲಿ ಹೊಸ ಭತ್ತ ಕೊಳ್ಳಲು ಬೇಕಾಗುವ ಹಣ ನಿಮ್ಮ ಜೇಬಿನಿಂದಲೇ ಹೋಗುತ್ತದೆ.